ನಲವತ್ತೈದರ ಕಣ್ಣಿಗೆ ಯಾವ ಗ್ಲಾಸು? ಸಿಂಗಲ್ ವಿಷನ್, ಬೈಫೋಕಲ್, ಪ್ರೋಗ್ರೆಸಿವ್ ಆರಿಸುವ ಬಗೆ

ಪೇಪರನ್ನು ಕೈ ಚಾಚಿ ಹಿಡಿದರೆ ಅಕ್ಷರ ಸ್ಪಷ್ಟ, ಹತ್ತಿರ ತಂದರೆ ಮಸುಕು. ಮಧ್ಯಾಹ್ನದ ಬೆಳಕಿನಲ್ಲಿ ಸಲೀಸಾಗಿ ಓದಿದ ಮಾತ್ರೆ ಪಟ್ಟಿಯ ಎಕ್ಸ್‌ಪೈರಿ ದಿನಾಂಕ ಸಂಜೆಯ ಟ್ಯೂಬ್‌ಲೈಟಿನಲ್ಲಿ ಕಾಣುವುದಿಲ್ಲ. ಫೋನಿನಿಂದ ತಲೆ ಎತ್ತಿ ಗೋಡೆಯ ಗಡಿಯಾರ ನೋಡಿದರೆ ಮುಳ್ಳು ಸ್ಪಷ್ಟವಾಗಲು ಒಂದೆರಡು ಕ್ಷಣ ಬೇಕಾಗುತ್ತದೆ. ನಲವತ್ಮೂರರಿಂದ ನಲವತ್ತೇಳರ ನಡುವೆ ಇಂಥದ್ದು ಶುರುವಾದರೆ ಅದು ಹೆಚ್ಚಾಗಿ ಚಾಳೀಸು. ಕಣ್ಣೊಳಗಿನ ಮಸೂರ ವಯಸ್ಸಾದಂತೆ ಗಟ್ಟಿಯಾಗುತ್ತದೆ, ಹತ್ತಿರದ್ದನ್ನು ನೋಡುವಾಗ ಉಬ್ಬಬೇಕಾದಷ್ಟು ಉಬ್ಬುವುದಿಲ್ಲ. ಇದನ್ನು ವ್ಯಾಯಾಮದಿಂದ ಹಿಂದಕ್ಕೆ ತರಲಾಗದು. ಕನ್ನಡಕ ಹಾಕಿಕೊಂಡರೆ ಇದು ಹೆಚ್ಚುತ್ತದೆ ಎಂಬ ಹೆದರಿಕೆಯೂ ಬೇಡ. ಹಾಕಿದರೂ ಬಿಟ್ಟರೂ ಅದು ತನ್ನ ಪಾಡಿಗೆ ಬೆಳೆಯುತ್ತದೆ.

ಕನ್ನಡಕದಂಗಡಿಗೆ ಹೋದರೆ ಮೂರು ಆಯ್ಕೆಗಳು ಎದುರಾಗುತ್ತವೆ: ಒಂದೇ ಪವರಿನ ಸಿಂಗಲ್ ವಿಷನ್, ಗೆರೆ ಇರುವ ಬೈಫೋಕಲ್, ಗೆರೆಯಿಲ್ಲದೆ ಪವರ್ ಏರುವ ಪ್ರೋಗ್ರೆಸಿವ್. ಮಾರುವವರು ಸಾಮಾನ್ಯವಾಗಿ ಪ್ರೋಗ್ರೆಸಿವ್ ಕಡೆಗೇ ಕೈ ತೋರಿಸುತ್ತಾರೆ. ಅದು ಒಳ್ಳೆಯ ಗ್ಲಾಸೇ. ಆದರೆ ಈ ವಯಸ್ಸಿನಲ್ಲಿ, ಈ ಪವರ್‌ನಲ್ಲಿ, ನಿಮ್ಮ ಕೆಲಸಕ್ಕೆ ಅದು ಬೇಕೇ ಎಂಬುದನ್ನು ಒಂದು ಟೇಪು ಮತ್ತು ಸಣ್ಣ ಭಾಗಾಕಾರದಿಂದ ಮನೆಯಲ್ಲೇ ತಿಳಿದುಕೊಳ್ಳಬಹುದು.

ಟೇಪು ಹಿಡಿದು ದೂರ ಅಳೆಯಿರಿ

ಟೈಲರ್ ಟೇಪು ಸಾಕು. ದಿನದಲ್ಲಿ ಹೆಚ್ಚು ಹೊತ್ತು ನೋಡುವ ವಸ್ತುಗಳು ಕಣ್ಣಿನಿಂದ ಎಷ್ಟು ದೂರದಲ್ಲಿವೆ ಎಂದು ಅಳೆದು ಬರೆದುಕೊಳ್ಳಿ. ಒಬ್ಬರೇ ಅಳೆಯಲು ಹೋದರೆ ನಮಗೆ ಗೊತ್ತಿಲ್ಲದೆ ಬೆನ್ನು ನೆಟ್ಟಗೆ ಮಾಡಿ ಕೂತು ದೂರ ಹೆಚ್ಚಾಗುತ್ತದೆ. ಹಾಗಾಗಿ ಕೆಲಸದಲ್ಲಿ ಮುಳುಗಿರುವಾಗ ಇನ್ನೊಬ್ಬರಿಂದ ಅಳತೆ ತೆಗೆಸಿದರೆ ನಿಜವಾದ ಸಂಖ್ಯೆ ಸಿಗುತ್ತದೆ.

ಲೇಖನದುದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಬ್ಯಾಂಕಿನ ಕೌಂಟರಿನಲ್ಲಿ ಕೂರುವ 46 ವರ್ಷದ ಒಬ್ಬ ಮಹಿಳೆ. ದೂರದ ದೃಷ್ಟಿ ಚೆನ್ನಾಗಿದೆ, ಇದುವರೆಗೆ ಕನ್ನಡಕ ಹಾಕಿದವರಲ್ಲ. ಅವರ ಅಳತೆಗಳು ಹೀಗಿವೆ: ಫೋನು 35 ಸೆಂ.ಮೀ., ಪಾಸ್‌ಬುಕ್ಕು ಮತ್ತು ಚಲನ್ನು 40 ಸೆಂ.ಮೀ., ಕಂಪ್ಯೂಟರ್ ಪರದೆ 65 ಸೆಂ.ಮೀ., ಎದುರು ನಿಂತ ಗ್ರಾಹಕರು 1 ಮೀಟರ್, ಟೋಕನ್ ನಂಬರ್ ತೋರಿಸುವ ಬೋರ್ಡು 4 ಮೀಟರ್.

ಇನ್ನು ಭಾಗಾಕಾರ. 100ನ್ನು ಸೆಂಟಿಮೀಟರ್ ದೂರದಿಂದ ಭಾಗಿಸಿದರೆ, ಆ ದೂರಕ್ಕೆ ಬೇಕಾದ ಪವರ್ ಡಯಾಪ್ಟರ್ ಲೆಕ್ಕದಲ್ಲಿ ಸಿಗುತ್ತದೆ. 40 ಸೆಂ.ಮೀ.ಗೆ 2.5. 65 ಸೆಂ.ಮೀ.ಗೆ ಸುಮಾರು 1.5. ಒಂದು ಮೀಟರಿಗೆ 1. ನಾಲ್ಕು ಮೀಟರಿಗೆ 0.25. ಈ ಪವರನ್ನು ಚಿಕ್ಕ ವಯಸ್ಸಿನಲ್ಲಿ ಕಣ್ಣು ತಾನೇ ಒದಗಿಸುತ್ತಿತ್ತು. ಈಗ ಅದರ ಬಳಿ ಎಷ್ಟು ಉಳಿದಿದೆ ಎಂದು ನೋಡಬೇಕು. ದೂರದ ಕನ್ನಡಕ ಇದ್ದವರು ಅದನ್ನು ಹಾಕಿಕೊಂಡು, ಇಲ್ಲದವರು ಬರಿಗಣ್ಣಿನಲ್ಲಿ, ಪತ್ರಿಕೆಯ ಸಣ್ಣ ಅಕ್ಷರವನ್ನು ನಿಧಾನವಾಗಿ ಹತ್ತಿರ ತನ್ನಿ. ಅಕ್ಷರ ಮಸುಕಾಗಲು ಶುರುವಾಗುವ ಜಾಗದಲ್ಲಿ ನಿಲ್ಲಿಸಿ ಅಳೆಯಿರಿ. ನಮ್ಮ ಬ್ಯಾಂಕ್ ಉದ್ಯೋಗಿಗೆ ಅದು 33 ಸೆಂ.ಮೀ. ಅಂದರೆ 100 ಭಾಗಿಸು 33, ಒಟ್ಟು 3 ಡಯಾಪ್ಟರ್.

ಇಷ್ಟನ್ನೂ ಸದಾ ಬಳಸಲಾಗುವುದಿಲ್ಲ. ಇದ್ದ ಶಕ್ತಿಯೆಲ್ಲ ಹಾಕಿ ದುಡಿದರೆ ಅರ್ಧ ಗಂಟೆಯಲ್ಲಿ ಹಣೆ ಸಿಡಿಯುತ್ತದೆ. ಒಟ್ಟು ಶಕ್ತಿಯ ಅರ್ಧದಷ್ಟನ್ನು ಮಾತ್ರ ಹೊತ್ತುಗಟ್ಟಲೆ ಆರಾಮವಾಗಿ ಬಳಸಬಹುದು ಎಂಬುದು ಕಣ್ಣು ಪರೀಕ್ಷಿಸುವವರ ಹಳೆಯ ಲೆಕ್ಕ. ಅಂದರೆ ಇವರಿಗೆ ಆರಾಮಾಗಿ ಸಿಗುವುದು 1.5. ಪಾಸ್‌ಬುಕ್ ಓದಲು ಬೇಕಾದ್ದು 2.5. ಕೊರತೆ 1. ಆ ಕೊರತೆಯೇ ಕಣ್ಣು ಪರೀಕ್ಷೆಯ ಚೀಟಿಯಲ್ಲಿ ಆಡ್ ಎಂಬ ಕಾಲಂನಲ್ಲಿ +1.00 ಎಂದು ಬರುತ್ತದೆ.

ಮನೆಯ ಲೆಕ್ಕ ಅಂದಾಜಿಗೆ ಮಾತ್ರ. ಪರೀಕ್ಷೆ ಮಾಡಿಸಿಕೊಳ್ಳಲೇಬೇಕು. ಅಲ್ಲಿ ಕಣ್ಣಿನ ಒತ್ತಡವನ್ನೂ ಅಕ್ಷಿಪಟವನ್ನೂ ನೋಡಿಸಿ. ನಲವತ್ತರ ನಂತರ ಗ್ಲಾಕೋಮಾ ಮತ್ತು ಸಕ್ಕರೆ ಕಾಯಿಲೆಯ ಹಾನಿ ಸದ್ದಿಲ್ಲದೆ ಬರುತ್ತವೆ, ಓದುವ ಕನ್ನಡಕ ಅವನ್ನು ಮರೆಮಾಚಿಬಿಡಬಹುದು. ಸಕ್ಕರೆ ಏರಿಳಿಯುತ್ತಿರುವವರಿಗೆ ಪವರ್ ಕೂಡ ಏರಿಳಿಯುತ್ತದೆ, ಆದ್ದರಿಂದ ಅದು ಹತೋಟಿಗೆ ಬಂದು ಕೆಲವು ವಾರ ಕಳೆದ ಮೇಲೆ ಗ್ಲಾಸು ಮಾಡಿಸಿ. ಒಂದೇ ಕಣ್ಣು ಮಸುಕಾದರೆ, ನೇರ ಗೆರೆಗಳು ಡೊಂಕಾಗಿ ಕಂಡರೆ, ಮಿಂಚಿನಂಥ ಬೆಳಕು ಅಥವಾ ಪರದೆ ಇಳಿದಂತೆ ಅನಿಸಿದರೆ ಅದು ಚಾಳೀಸಲ್ಲ. ಅಂಗಡಿಯ ಕಡೆ ಹೋಗದೆ ಅಂದೇ ಕಣ್ಣಿನ ಡಾಕ್ಟರನ್ನು ನೋಡಿ.

ಆಡ್ +1.00 ಇದ್ದಾಗ ಏನೆಲ್ಲ ಕಾಣುತ್ತದೆ

ಈ ಒಂದು ಲೆಕ್ಕ ಅರ್ಥವಾದರೆ ಮೂರರಲ್ಲಿ ಯಾವುದು ಎಂಬ ಪ್ರಶ್ನೆ ಅರ್ಧ ಬಗೆಹರಿಯುತ್ತದೆ.

ಬರಿಗಣ್ಣಿನಲ್ಲಿ ನಮ್ಮ ಉದ್ಯೋಗಿಗೆ ಬಲು ದೂರದಿಂದ ಸುಮಾರು 67 ಸೆಂ.ಮೀ.ವರೆಗೆ ಆರಾಮವಾಗಿ ಕಾಣುತ್ತದೆ (100 ಭಾಗಿಸು 1.5). ಅಂದರೆ ಬೋರ್ಡು, ಗ್ರಾಹಕರು ಸಲೀಸು. 65 ಸೆಂ.ಮೀ.ನಲ್ಲಿರುವ ಪರದೆ ಅಂಚಿನಲ್ಲಿದೆ, ಬೆಳಿಗ್ಗೆ ಸರಿ, ನಾಲ್ಕು ಗಂಟೆಯ ಹೊತ್ತಿಗೆ ದಣಿವು. +1.00 ಗ್ಲಾಸು ಹಾಕಿಕೊಂಡರೆ ಸ್ಪಷ್ಟತೆಯ ದೂರದ ಗಡಿ 1 ಮೀಟರಿಗೆ ಬಂದು ನಿಲ್ಲುತ್ತದೆ, ಹತ್ತಿರದ ಗಡಿ 40 ಸೆಂ.ಮೀ.ಗೆ ಬರುತ್ತದೆ. ಅಂದರೆ ಪಾಸ್‌ಬುಕ್ಕು, ಪರದೆ, ಎದುರಿನ ಗ್ರಾಹಕರ ಮುಖ ಮೂರೂ ಒಂದೇ ಸಾದಾ ಗ್ಲಾಸಿನಲ್ಲಿ ಬಂದವು. ಫೋನನ್ನು 35ರಿಂದ 40ಕ್ಕೆ ಸರಿಸಿಕೊಂಡರೆ ಅದೂ ಬಂತು. ಟೋಕನ್ ಬೋರ್ಡು ಮಾತ್ರ ಮಸುಕು.

ಈಗ ಇದೇ ಮಹಿಳೆಯನ್ನು ಆರೇಳು ವರ್ಷ ಮುಂದೆ ತಳ್ಳಿ ನೋಡಿ. ಒಟ್ಟು ಶಕ್ತಿ 1ಕ್ಕೆ ಇಳಿದಿದೆ, ಆರಾಮಾಗಿ ಸಿಗುವುದು 0.5, ಆಡ್ +2.00. ಬರಿಗಣ್ಣಿಗೆ ದೂರದಿಂದ 2 ಮೀಟರ್‌ವರೆಗೆ ಕಾಣುತ್ತದೆ. ಓದುವ ಗ್ಲಾಸಿನಲ್ಲಿ 50ರಿಂದ 40 ಸೆಂ.ಮೀ. ಮಾತ್ರ. ನಡುವೆ ಅರ್ಧ ಮೀಟರಿನಿಂದ ಎರಡು ಮೀಟರ್‌ವರೆಗಿನ ಜಾಗ ಖಾಲಿ. ಪರದೆ, ಗ್ರಾಹಕರು, ಅಡುಗೆಮನೆಯ ಕಟ್ಟೆ, ಕಾರಿನ ಮೀಟರುಗಳು ಎಲ್ಲವೂ ಬೀಳುವುದು ಅಲ್ಲೇ.

ಹೀಗಾಗಿ ನಲವತ್ತೈದರಲ್ಲಿ ಸಾದಾ ಓದುವ ಗ್ಲಾಸು ಕೊಡುವಷ್ಟು ಅನುಕೂಲವನ್ನು ಐವತ್ತೆರಡರಲ್ಲಿ ಕೊಡುವುದಿಲ್ಲ. ಪ್ರೋಗ್ರೆಸಿವ್ ಇಲ್ಲದೆ ಆಗುವುದೇ ಇಲ್ಲ ಎಂಬ ಸ್ಥಿತಿ ನಿಮಗಿನ್ನೂ ಬಂದಿಲ್ಲ. ಕನ್ನಡಕ ತೆಗೆದು ಹಾಕುವ ಕಿರಿಕಿರಿ ನಿಮ್ಮ ಕೆಲಸದಲ್ಲಿ ಎಷ್ಟಿದೆ ಎಂಬುದೇ ಈಗ ನಿರ್ಣಾಯಕ.

ಸಿಂಗಲ್ ವಿಷನ್

ಇಡೀ ಗ್ಲಾಸಿನಲ್ಲಿ ಒಂದೇ ಪವರ್. ಅಂಚಿನಿಂದ ಅಂಚಿಗೆ ಸ್ಪಷ್ಟ, ಹೊಂದಿಕೊಳ್ಳಲು ದಿನ ಬೇಡ, ಬೆಲೆ ಕಡಿಮೆ. ಕೂತ ಜಾಗದಲ್ಲೇ ಕೆಲಸ ಮಾಡುವವರಿಗೆ, ಹೊಲಿಗೆ, ಲೆಕ್ಕಪತ್ರ, ಓದು ಬರಹದವರಿಗೆ ಆಡ್ +1.50 ತಲುಪುವ ತನಕ ಇದನ್ನೇ ಮೊದಲು ಕೊಳ್ಳಿ ಎಂಬುದು ನಮ್ಮ ಸಲಹೆ.

ದೂರಕ್ಕೂ ಪವರ್ ಇರುವವರು ಚೀಟಿಯನ್ನು ಸರಿಯಾಗಿ ಓದಬೇಕು. ಓದುವ ಗ್ಲಾಸಿನ ಪವರ್ ಎಂದರೆ ದೂರದ ಸ್ಫಿಯರ್‌ಗೆ, ಅಂದರೆ ದೂರದ ಮುಖ್ಯ ಪವರಿಗೆ, ಆಡ್ ಕೂಡಿಸಿದ್ದು. ಸಿಲಿಂಡರ್ ಮತ್ತು ಆಕ್ಸಿಸ್, ಅಂದರೆ ಒಂದು ದಿಕ್ಕಿನ ಮಸುಕನ್ನು ತಿದ್ದುವ ಪವರ್ ಮತ್ತು ಅದರ ಕೋನ, ಹಾಗೆಯೇ ಉಳಿಯುತ್ತವೆ. ದೂರಕ್ಕೆ −1.00, ಆಡ್ +1.00 ಆದರೆ ಮೊತ್ತ ಸೊನ್ನೆ. ಇಂಥವರಿಗೆ ಹೊಸ ಗ್ಲಾಸೇ ಬೇಡ, ಇರುವುದನ್ನು ತೆಗೆದು ಓದಿದರೆ ಆಯಿತು. ದೂರಕ್ಕೆ −4.00 ಇರುವವರು ಕನ್ನಡಕ ತೆಗೆದರೆ 25 ಸೆಂ.ಮೀ. ಆಚೆಗೆ ಏನೂ ಸ್ಪಷ್ಟವಿರುವುದಿಲ್ಲ, ಅವರಿಗೆ −3.00ರ ಬೇರೆ ಓದುವ ಗ್ಲಾಸು ಬೇಕು. ದೂರಕ್ಕೆ +0.75 ಇದ್ದೂ ಗೊತ್ತೇ ಇರದವರು ಬಹಳ ಮಂದಿ. ಅದನ್ನು ಇಷ್ಟು ದಿನ ಕಣ್ಣೇ ನಿಭಾಯಿಸಿಕೊಂಡು ಬಂದಿರುತ್ತದೆ. ಅಂಥವರಿಗೆ ಚಾಳೀಸು ಬೇಗ ಬರುತ್ತದೆ, ಓದಲು ಮೊದಲ ಸಲವೇ +1.75 ಬೇಕಾಗುತ್ತದೆ.

ಮೆಡಿಕಲ್ ಶಾಪಿನಲ್ಲೂ ಫುಟ್‌ಪಾತಿನಲ್ಲೂ ಸಿಗುವ ರೆಡಿಮೇಡ್ ರೀಡಿಂಗ್ ಗ್ಲಾಸು ಎರಡೂ ಕಣ್ಣಿಗೆ ಒಂದೇ ಪವರ್ ಇದ್ದು, ಸಿಲಿಂಡರ್ ಇಲ್ಲದವರಿಗೆ ತೊಂದರೆ ಕೊಡದು. ಎಲ್ಲರೂ ಎಡವುವುದು ಆರಿಸುವಾಗ. ಒಂದೊಂದಾಗಿ ಹಾಕಿ ನೋಡುತ್ತಾ ಅಕ್ಷರ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದನ್ನೇ ಎತ್ತಿಕೊಳ್ಳುತ್ತಾರೆ. ಅದು +2.00 ಆಗಿದ್ದರೆ ದೂರದ ಗಡಿ ಅರ್ಧ ಮೀಟರಿಗೆ ಇಳಿಯುತ್ತದೆ, ಕಂಪ್ಯೂಟರ್ ಪರದೆ ಮಸುಕಾಗುತ್ತದೆ, ಪುಸ್ತಕ ಮುಖದ ಹತ್ತಿರ ಬರುತ್ತಾ ಹೋಗುತ್ತದೆ. ಸರಿಯಾದ ಪರೀಕ್ಷೆ ಹೀಗೆ: ನಿಮ್ಮ ಓದುವ ದೂರದಲ್ಲಿ ಸಣ್ಣ ಅಕ್ಷರ ಸ್ಪಷ್ಟವಾಗಬೇಕು, ಅದೇ ಕಾಗದವನ್ನು ಪರದೆಯ ದೂರಕ್ಕೆ ಸರಿಸಿದಾಗಲೂ ಅಕ್ಷರದ ಅಂಚು ಚೂಪಾಗಿ ಉಳಿಯಬೇಕು. ಎರಡರ ನಡುವೆ ಅನುಮಾನ ಬಂದರೆ ಕಡಿಮೆ ಪವರಿನದ್ದನ್ನೇ ತೆಗೆದುಕೊಳ್ಳಿ. ಜೊತೆಗೆ, ಗ್ಲಾಸನ್ನು ಕೈದೂರದಲ್ಲಿ ಹಿಡಿದು ನೆಲದ ಟೈಲ್ಸಿನ ಗೆರೆಯನ್ನು ಅದರ ಮೂಲಕ ನೋಡುತ್ತಾ ಪಕ್ಕಕ್ಕೆ ಆಡಿಸಿ. ಗೆರೆ ಅಲೆಯಲೆಯಾಗಿ ನಡುಗಿದರೆ ಗ್ಲಾಸಿನ ಮೇಲ್ಮೈ ಸರಿಯಿಲ್ಲ.

ಬೈಫೋಕಲ್

ಮೇಲೆ ದೂರ, ಕೆಳಗೆ ಹತ್ತಿರ, ನಡುವೆ ಗೆರೆ. ನಮ್ಮ ಅಂಗಡಿಗಳಲ್ಲಿ ಮೂರು ಬಗೆ ಸಿಗುತ್ತವೆ. ಸುಮಾರು 22 ಮಿ.ಮೀ. ಅಗಲದ ದುಂಡು ಕಿಟಕಿಯ ಕ್ರಿಪ್ಟಾಕ್, ಮೇಲ್ಭಾಗ ಚಪ್ಪಟೆಯಾಗಿ 28 ಮಿ.ಮೀ. ಅಗಲವಿರುವ ಡಿ ಬೈಫೋಕಲ್, ಗ್ಲಾಸಿನ ಉದ್ದಕ್ಕೂ ಗೆರೆ ಹೋಗುವ ಎಕ್ಸಿಕ್ಯುಟಿವ್.

ಕ್ರಿಪ್ಟಾಕ್‌ನ ಗೆರೆ ಎದ್ದು ಕಾಣದು ಎಂಬ ಕಾರಣಕ್ಕೆ ಅದನ್ನು ಬಯಸುವವರಿದ್ದಾರೆ. ಆದರೆ ಅದರಲ್ಲಿ ಕಣ್ಣು ಗೆರೆ ದಾಟುವಾಗ ಚಿತ್ರ ಹಾರುತ್ತದೆ. ಕಾರಣ ಹೀಗಿದೆ: ಕಿಟಕಿಯ ಮೇಲಂಚಿನಿಂದ ಅದರ ಕೇಂದ್ರಕ್ಕೆ 11 ಮಿ.ಮೀ. ಇದೆ, ಅಂದರೆ 1.1 ಸೆಂ.ಮೀ. ಅದನ್ನು ಆಡ್‌ನಿಂದ ಗುಣಿಸಿದರೆ ಒಂದು ಮೀಟರ್ ದೂರದಲ್ಲಿ ವಸ್ತು ಎಷ್ಟು ಸೆಂಟಿಮೀಟರ್ ಜಿಗಿದಂತೆ ಕಾಣುತ್ತದೆ ಎಂಬುದು ಸಿಗುತ್ತದೆ. ಆಡ್ +1.00 ಇದ್ದರೆ 1.1 ಸೆಂ.ಮೀ., +2.00 ಇದ್ದರೆ 2.2. ಕಾಲಡಿಯ ಮೆಟ್ಟಿಲು ಒಂದೂವರೆ ಮೀಟರ್ ಕೆಳಗಿರುವುದರಿಂದ ಅಲ್ಲಿ ಈ ಜಿಗಿತ ಕ್ರಮವಾಗಿ ಒಂದೂವರೆ ಸೆಂ.ಮೀ.ಗೂ ಮೂರು ಸೆಂ.ಮೀ.ಗೂ ತುಸು ಹೆಚ್ಚು. ಮೆಟ್ಟಿಲಿಳಿಯುವಾಗ ಹೆಜ್ಜೆ ತಪ್ಪಲು ಇಷ್ಟು ಸಾಕು. ಡಿ ಬೈಫೋಕಲ್‌ನಲ್ಲಿ ಕೇಂದ್ರ ಮೇಲಂಚಿನಿಂದ 5 ಮಿ.ಮೀ. ಕೆಳಗಷ್ಟೇ ಇರುತ್ತದೆ, ಹಾಗಾಗಿ ಜಿಗಿತ ಅರ್ಧಕ್ಕಿಂತ ಕಡಿಮೆ. ಬೈಫೋಕಲ್ ಬೇಕೆಂದಾದರೆ ಡಿ ಕೇಳಿ ತೆಗೆದುಕೊಳ್ಳಿ. ಗೆರೆ ನಿಮ್ಮ ಕೆಳರೆಪ್ಪೆಯ ಅಂಚಿನ ಮಟ್ಟಕ್ಕೆ ಬರಬೇಕು. ಅದಕ್ಕಿಂತ ಮೇಲೆ ಬಂದರೆ ನಡೆಯುವಾಗ ಅಡ್ಡ ಬರುತ್ತದೆ, ಬಹಳ ಕೆಳಗಿದ್ದರೆ ಓದಲು ಗಲ್ಲ ಎತ್ತಬೇಕು.

ನಲವತ್ತೈದರಲ್ಲಿ ಬೈಫೋಕಲ್‌ಗೆ ದೊಡ್ಡ ದೋಷವಿಲ್ಲ, ನಡುವಿನ ಖಾಲಿ ಜಾಗ ಇನ್ನೂ ಹುಟ್ಟಿಲ್ಲ. ಅಗಲವಾದ ಓದುವ ಜಾಗ ಬೇಕಾದವರಿಗೆ, ಖರ್ಚು ಹಿಡಿತದಲ್ಲಿರಬೇಕಾದವರಿಗೆ, ಪ್ರೋಗ್ರೆಸಿವ್ ಸರಿಯಾಗಿ ಕೂರಿಸಿದ ಮೇಲೂ ಒಗ್ಗದವರಿಗೆ ಅದು ಸರಿ. ಆದರೆ ಪವರ್ ಏರಿದಂತೆ ಪರದೆ ಕೈ ತಪ್ಪುತ್ತದೆ. ಕಂಪ್ಯೂಟರಿನವರು ಇದನ್ನು ಈಗಲೇ ತಿಳಿದಿರಬೇಕು.

ಪ್ರೋಗ್ರೆಸಿವ್

ಮೇಲಿನಿಂದ ಕೆಳಕ್ಕೆ ಪವರ್ ಗೆರೆಯಿಲ್ಲದೆ ಏರುತ್ತಾ ಹೋಗುತ್ತದೆ. ಫ್ರಾನ್ಸಿನ ಬರ್ನಾರ್ಡ್ ಮೆಟೆನಾಜ್ ರೂಪಿಸಿದ ವ್ಯಾರಿಲಕ್ಸ್ 1959ರಲ್ಲಿ ಮಾರುಕಟ್ಟೆಗೆ ಬಂದಾಗಿನಿಂದ ಇಂದಿನ ತನಕ ವಿನ್ಯಾಸ ಬಹಳ ಸುಧಾರಿಸಿದೆ, ಆದರೆ ಒಂದು ಮಿತಿ ಹಾಗೇ ಇದೆ. ಗೆರೆಯಿಲ್ಲದೆ ಪವರ್ ಏರಿಸಿದರೆ ಎರಡೂ ಬದಿಯಲ್ಲಿ ಮಸುಕು ಸೇರಲೇಬೇಕು. ಆ ಮಸುಕನ್ನು ಅತ್ತಿತ್ತ ಸರಿಸಬಹುದು, ಹರಡಬಹುದು. ಅಳಿಸಲು ಯಾವ ಕಂಪನಿಗೂ ಆಗದು. ‘ಬದಿಯಲ್ಲೂ ಪೂರ್ತಿ ಸ್ಪಷ್ಟ’ ಎಂದು ಅಂಗಡಿಯಲ್ಲಿ ಹೇಳಿದರೆ ನಂಬಬೇಡಿ.

ಈ ಮಸುಕು ಎಷ್ಟು ಎಂಬುದಕ್ಕೆ ಒರಟು ಲೆಕ್ಕವಿದೆ. ಪವರ್ ಏರುವ ನಡುದಾರಿಯನ್ನು ಕಾರಿಡಾರ್ ಎನ್ನುತ್ತಾರೆ. ಕೆಳಕ್ಕೆ ಪವರ್ ಎಷ್ಟು ವೇಗದಲ್ಲಿ ಏರುತ್ತದೋ ಅದರ ಎರಡರಷ್ಟು ವೇಗದಲ್ಲಿ ಬದಿಗೆ ಮಸುಕು ಏರುತ್ತದೆ. 14 ಮಿ.ಮೀ. ಕಾರಿಡಾರಿನಲ್ಲಿ +1.00 ಆಡ್ ಏರಿಸಿದರೆ ನಡುವೆ ಸುಮಾರು 7 ಮಿ.ಮೀ. ಅಗಲದ ಜಾಗ ಸ್ಪಷ್ಟವಾಗಿ ಉಳಿಯುತ್ತದೆ. +2.00 ಏರಿಸಿದರೆ ಮೂರೂವರೆ. ಪ್ರೋಗ್ರೆಸಿವ್‌ಗೆ ಬರುವ ಮನಸ್ಸಿದ್ದವರು ಬೇಗ ಬನ್ನಿ ಎಂದು ಬಲ್ಲವರು ಹೇಳುವುದು ಇದೇ ಕಾರಣಕ್ಕೆ. +1.00ರಲ್ಲಿ ಶುರು ಮಾಡಿದವರು ಅಗಲ ದಾರಿಯಲ್ಲಿ ಕಣ್ಣು ಹೊರಳಿಸುವುದನ್ನು ಕಲಿತಿರುತ್ತಾರೆ, ಮುಂದೆ ದಾರಿ ಕಿರಿದಾದರೂ ಕಷ್ಟವಾಗದು. +2.25ರಲ್ಲಿ ಮೊದಲ ಸಲ ಹಾಕಿದವರಿಗೆ ಮೊದಲ ವಾರ ಜಗತ್ತೇ ತೇಲಾಡುತ್ತದೆ.

ಹಾಗಾದರೆ ಈಗಲೇ ಯಾರಿಗೆ ಬೇಕು? ದೂರ ಮತ್ತು ಹತ್ತಿರದ ನಡುವೆ ಕ್ಷಣಕ್ಷಣಕ್ಕೂ ಓಡಾಡುವ ಕಣ್ಣಿಗೆ. ಪುಸ್ತಕ ನೋಡಿ ಕೊನೆಯ ಬೆಂಚಿನ ಹುಡುಗನನ್ನು ನೋಡುವ ಮೇಷ್ಟರಿಗೆ, ಬಿಲ್ಲು ಬರೆದು ಮೇಲಿನ ಶೆಲ್ಫ್ ನೋಡುವ ಅಂಗಡಿಯವರಿಗೆ, ವಾರ್ಡಿನಲ್ಲಿ ಚಾರ್ಟ್ ಓದುವ ನರ್ಸಿಗೆ. ದೂರಕ್ಕೆ ಈಗಾಗಲೇ ದಿನವಿಡೀ ಕನ್ನಡಕ ಹಾಕುವವರಿಗೆ ಇದು ಇನ್ನೂ ಸುಲಭ, ಮುಖದ ಮೇಲೆ ಗ್ಲಾಸು ಇರುವುದು ಅಭ್ಯಾಸವಾಗಿರುತ್ತದೆ. ನಮ್ಮ ಬ್ಯಾಂಕ್ ಉದ್ಯೋಗಿ ಟೋಕನ್ ಬೋರ್ಡನ್ನು ಅಪರೂಪಕ್ಕೆ ನೋಡುವುದಾದರೆ +1.00 ಸಿಂಗಲ್ ವಿಷನ್ ಸಾಕು. ಬ್ಯಾಂಕಿನ ಹಾಲ್‌ನಲ್ಲಿ ಓಡಾಡುತ್ತಾ ಫಾರಂ ಪರಿಶೀಲಿಸುವ ಕೆಲಸಕ್ಕೆ ಬದಲಾದರೆ ಪ್ರೋಗ್ರೆಸಿವ್ ತೆಗೆದುಕೊಳ್ಳಲಿ.

ಅಂಗಡಿಯಲ್ಲಿ ಆಗಬೇಕಾದ್ದು

ಪ್ರೋಗ್ರೆಸಿವ್ ಕೆಡುವುದು ಹೆಚ್ಚಾಗಿ ಅಳತೆಯಲ್ಲಿ. ದುಬಾರಿ ಗ್ಲಾಸನ್ನು 2 ಮಿ.ಮೀ. ತಪ್ಪಾಗಿ ಕೂರಿಸಿದರೆ ಸರಿಯಾಗಿ ಕೂರಿಸಿದ ಸಾಮಾನ್ಯ ಗ್ಲಾಸಿಗಿಂತ ಕೆಟ್ಟದಾಗಿ ಕಾಣುತ್ತದೆ. ಆದ್ದರಿಂದ ಕಾಸು ಸುರಿಯುವ ಮೊದಲು ಅಳತೆ ತೆಗೆಯುವವರ ಕೈ ಗಮನಿಸಿ.

ಮೊದಲು ಫ್ರೇಮು. ಗ್ಲಾಸಿನ ಎತ್ತರ 30 ಮಿ.ಮೀ.ಗಿಂತ ಕಡಿಮೆ ಇರುವ ಸಪೂರ ಫ್ರೇಮ್ ಬೇಡ. ಕಣ್ಣಿನ ಪಾಪೆಯ ನಡುವಿನಿಂದ ಫ್ರೇಮಿನ ಕೆಳ ಅಂಚಿನವರೆಗೆ 18 ಮಿ.ಮೀ. ಇದ್ದರೆ ನಿಶ್ಚಿಂತೆ. ಅದಕ್ಕಿಂತ ಕಡಿಮೆಯಾದರೆ ಚಿಕ್ಕ ಕಾರಿಡಾರಿನ ಗ್ಲಾಸು ಹಾಕಬೇಕಾಗುತ್ತದೆ. ಅದರಲ್ಲಿ ಅದೇ ಪವರ್ ಕಡಿಮೆ ಉದ್ದದಲ್ಲಿ ಏರುವುದರಿಂದ ಸ್ಪಷ್ಟವಾದ ನಡುದಾರಿ ಇನ್ನೂ ಕಿರಿದಾಗುತ್ತದೆ. ಮೂಗಿನ ಪ್ಯಾಡ್ ಹೊಂದಿಸಬಹುದಾದ ಫ್ರೇಮ್ ಆರಿಸಿದರೆ ಮುಂದೆ ಒಂದೆರಡು ಮಿ.ಮೀ. ಮೇಲೆ ಕೆಳಗೆ ಮಾಡಲು ಅವಕಾಶ ಉಳಿಯುತ್ತದೆ.

ಫ್ರೇಮನ್ನು ನಿಮ್ಮ ಮುಖಕ್ಕೆ ಹೊಂದಿಸಿ, ಕಡ್ಡಿ ಬಗ್ಗಿಸಿ, ಜಾರದಂತೆ ಕೂರಿಸಿದ ಮೇಲೆ ಅಳತೆ ಶುರುವಾಗಬೇಕು. ಅಳೆಯುವವರು ನಿಮ್ಮ ಕಣ್ಣಿನ ಮಟ್ಟಕ್ಕೇ ಎದುರು ಕೂತು, ಡೆಮೊ ಗ್ಲಾಸಿನ ಮೇಲೆ ಪೆನ್ನಿನಿಂದ ನಿಮ್ಮ ಪಾಪೆಯ ನಡುವಿನ ಜಾಗವನ್ನು ಗುರುತು ಮಾಡಬೇಕು. ಅವರು ನಿಂತು, ನೀವು ಕೂತಿದ್ದರೆ ಗುರುತು ತಪ್ಪುತ್ತದೆ. ಗುರುತು ಹಾಕಿದ ಮೇಲೆ ಎದ್ದು ನಾಲ್ಕು ಹೆಜ್ಜೆ ನಡೆದು, ಸಹಜವಾಗಿ ನಿಂತು ಮತ್ತೊಮ್ಮೆ ನೋಡಿಸಿಕೊಳ್ಳಿ. ಮೂಗಿನ ನಡುವಿನಿಂದ ಬಲಗಣ್ಣಿಗೆ ಎಷ್ಟು, ಎಡಗಣ್ಣಿಗೆ ಎಷ್ಟು ಎಂದು ಬೇರೆಬೇರೆ ಬರೆಯಬೇಕು. 31 ಮತ್ತು 32.5 ಎಂಬಂಥ ವ್ಯತ್ಯಾಸ ಸಾಮಾನ್ಯ, ಎರಡನ್ನೂ ಸೇರಿಸಿ 63 ಅಥವಾ 64 ಎಂದು ಬರೆದು ಅರ್ಧ ಮಾಡಿದರೆ ಒಂದು ಕಣ್ಣು ದಾರಿ ತಪ್ಪುತ್ತದೆ. ಫ್ರೇಮ್ ಮುಖದ ಮೇಲಿಡದೆ ಅಳತೆ ಮುಗಿಸಿದರೆ ಆರ್ಡರ್ ಕೊಡಬೇಡಿ. ಆನ್‌ಲೈನಿನಲ್ಲಿ ಪ್ರೋಗ್ರೆಸಿವ್ ತರಿಸುವಾಗ ಎತ್ತರದ ಈ ಅಳತೆಯೇ ಹೆಚ್ಚಾಗಿ ಅಂದಾಜಿನದ್ದಾಗುತ್ತದೆ. ಸಿಂಗಲ್ ವಿಷನ್‌ಗೆ ಆನ್‌ಲೈನ್ ಪರವಾಗಿಲ್ಲ.

ತೆಳು ಗ್ಲಾಸು ಎಂದು ಹೆಚ್ಚಿನ ಇಂಡೆಕ್ಸಿನದ್ದನ್ನು ಹೇಳಿದರೆ, ನಿಮ್ಮ ಪವರ್ ಎರಡರ ಒಳಗಿದ್ದಾಗ ಅದರಿಂದ ಕಣ್ಣಿಗೆ ಕಾಣುವಷ್ಟು ಲಾಭವಿಲ್ಲ. ಆ ಹಣವನ್ನು ಆಂಟಿ ರಿಫ್ಲೆಕ್ಷನ್ ಕೋಟಿಂಗ್‌ಗೆ ಹಾಕಿ.

ಗ್ಲಾಸು ಕೈಗೆ ಬಂದಾಗ

ಹೊಸ ಪ್ರೋಗ್ರೆಸಿವ್ ಮೇಲೆ ಬಣ್ಣದ ಗುರುತುಗಳಿರುತ್ತವೆ. ಅವನ್ನು ಒರೆಸದೆ ಇಡಲು ಆರ್ಡರ್ ಕೊಡುವಾಗಲೇ ಹೇಳಿ. ಹಾಕಿಕೊಂಡು ನೇರ ನೋಡಿದಾಗ ಗ್ಲಾಸಿನ ಕೂಡು ಗುರುತು ಪಾಪೆಯ ನಡುವಿಗೆ ಬರಬೇಕು. 1 ಮಿ.ಮೀ. ಆಚೀಚೆ ಸಹಿಸಬಹುದು. ಗುರುತು ಒರೆಸಿಬಿಟ್ಟಿದ್ದರೂ ದಾರಿಯಿದೆ. ಗ್ಲಾಸಿನ ಮೇಲೆ ಉಸಿರು ಊದಿ ಬೆಳಕಿಗೆ ಓರೆಯಾಗಿ ಹಿಡಿದರೆ, 34 ಮಿ.ಮೀ. ಅಂತರದಲ್ಲಿ ಎರಡು ಪುಟ್ಟ ಕೆತ್ತನೆಗಳು ಕಾಣುತ್ತವೆ. ಕಿವಿಯ ಕಡೆಯ ಕೆತ್ತನೆಯ ಕೆಳಗೆ ಆಡ್ ಸಂಖ್ಯೆ ಇರುತ್ತದೆ. ಚೀಟಿಯ ಆಡ್‌ಗೂ ಅದಕ್ಕೂ ಹೊಂದಬೇಕು. ಅಂಗಡಿಯವರು ಆ ಕೆತ್ತನೆಗಳಿಂದ ಬಣ್ಣದ ಗುರುತನ್ನು ಮತ್ತೆ ಬರೆದು ತೋರಿಸಬಲ್ಲರು.

ಮೊದಲ ವಾರ ಬೆಳಿಗ್ಗೆಯೇ ಹಾಕಿ ರಾತ್ರಿವರೆಗೂ ಇಟ್ಟುಕೊಳ್ಳಿ. ಹಳೆಯದನ್ನು ನಡುನಡುವೆ ಹಾಕಿದರೆ ಕಣ್ಣಿಗೆ ಹೊಸದರ ದಾರಿ ಪಳಗುವುದಿಲ್ಲ. ಬದಿಯದನ್ನು ನೋಡಲು ಕಣ್ಣನ್ನಷ್ಟೇ ಹೊರಳಿಸದೆ ಮೂಗನ್ನೂ ಆ ಕಡೆ ತಿರುಗಿಸಿ. ಮೆಟ್ಟಿಲಿಳಿಯುವಾಗ ಗಲ್ಲ ಎದೆಯ ಕಡೆ ತಗ್ಗಿಸಿ, ಮೇಲ್ಭಾಗದ ದೂರದ ಪವರಿನಲ್ಲಿ ಮೆಟ್ಟಿಲು ನೋಡಿ. ನೆಲ ತೇಲಿದಂತಾಗುವುದು ನಿಲ್ಲುವ ತನಕ ಗಾಡಿ ಓಡಿಸಬೇಡಿ.

ತೇಲಿದಂತಾಗುವುದು, ತಲೆ ತಿರುಗಿಸಿದಾಗ ಬದಿ ಅಲೆದಂತಾಗುವುದು ಎರಡು ವಾರದೊಳಗೆ ಇಳಿಯುತ್ತದೆ. ಅದಕ್ಕೆ ಕಾಯಬೇಕು. ಆದರೆ ನೇರ ಎದುರಿನದ್ದು ಮಸುಕಾದರೆ ಕಾಯುವ ಅಗತ್ಯವಿಲ್ಲ, ‘ಅಭ್ಯಾಸ ಆಗುತ್ತೆ’ ಎಂಬ ಮಾತನ್ನು ಅಲ್ಲಿ ಒಪ್ಪಬೇಡಿ. ದೂರದ ಬಸ್ಸಿನ ಬೋರ್ಡು ಗಲ್ಲ ತಗ್ಗಿಸಿದರೆ ಮಾತ್ರ ಸ್ಪಷ್ಟವಾದರೆ ಗ್ಲಾಸು ಮೇಲೆ ಕೂತಿದೆ, ಮೂಗಿನ ಪ್ಯಾಡ್ ಅಗಲಿಸಿ ಫ್ರೇಮ್ ಇಳಿಸಬೇಕು. ಓದಲು ಗಲ್ಲ ಎತ್ತಬೇಕಾದರೆ ಅಥವಾ ಕೈಯಿಂದ ಕನ್ನಡಕ ಮೇಲೆತ್ತಿದಾಗ ಸರಿಯಾದರೆ ಕೆಳಗೆ ಕೂತಿದೆ, ಪ್ಯಾಡ್ ಕಿರಿದು ಮಾಡಿ ಏರಿಸಬೇಕು. ಪುಸ್ತಕವನ್ನು ಒಂದು ಬದಿಗೆ ಸರಿಸಿದರೆ ಮಾತ್ರ ಕಂಡರೆ ಒಂದೊಂದೇ ಕಣ್ಣು ಮುಚ್ಚಿ ನೋಡಿ. ಎರಡು ಕಣ್ಣಿನ ಸ್ಪಷ್ಟ ಜಾಗಗಳು ಬೇರೆಬೇರೆ ಕಡೆ ಇದ್ದರೆ ಮೂಗಿನಿಂದ ತೆಗೆದ ಅಳತೆ ತಪ್ಪಿದೆ. ಇದು ಪ್ಯಾಡಿನಿಂದ ಸರಿಯಾಗದು, ಗ್ಲಾಸನ್ನೇ ಮತ್ತೆ ಮಾಡಿಸಬೇಕು. ಪುಸ್ತಕವನ್ನು 30 ಸೆಂ.ಮೀ.ಗೆ ತಂದರೆ ಮಾತ್ರ ಚೆನ್ನಾಗಿ ಕಂಡರೆ ಆಡ್ ಹೆಚ್ಚಾಗಿದೆ, ಪರೀಕ್ಷೆ ಮಾಡಿದವರ ಬಳಿಗೇ ಹೋಗಿ. ಈ ಲಕ್ಷಣಗಳನ್ನು ಹೀಗೇ ಬಿಡಿಸಿ ಹೇಳಿದರೆ ‘ಸರಿಯಾಗಿ ಕಾಣ್ತಿಲ್ಲ’ ಎನ್ನುವುದಕ್ಕಿಂತ ಬೇಗ ಕೆಲಸವಾಗುತ್ತದೆ.

ಎರಡು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿದಾಗ ಆಡ್ 0.25 ಅಥವಾ 0.50 ಏರಿರಬಹುದು. ಅದು +1.75 ದಾಟಿದಾಗ ದಿನಕ್ಕೆ ಎಂಟು ಗಂಟೆ ಪರದೆ ನೋಡುವವರು, ಪ್ರೋಗ್ರೆಸಿವ್ ಇದ್ದರೂ, ಮೇಜಿಗೆಂದೇ ಇನ್ನೊಂದು ಸಿಂಗಲ್ ವಿಷನ್ ಇಟ್ಟುಕೊಳ್ಳುವುದು ಒಳ್ಳೆಯದು. ಕಿರಿದಾದ ನಡುದಾರಿಯಲ್ಲಿ ಇಡೀ ಪರದೆ ಓದಲು ಗಲ್ಲ ಎತ್ತಿ ಕೂತರೆ ಕತ್ತು ಹಿಡಿದುಕೊಳ್ಳುತ್ತದೆ. ಆ ಗ್ಲಾಸಿಗೆ ಪೂರ್ತಿ ಆಡ್ ಬೇಡ. ಆಡ್ +2.00 ಆದ ನಮ್ಮ ಉದ್ಯೋಗಿಗೆ +1.25 ಹಾಕಿದರೆ 80ರಿಂದ 57 ಸೆಂ.ಮೀ.ವರೆಗೆ ಆರಾಮವಾಗಿ ಕಾಣುತ್ತದೆ, 65ರಲ್ಲಿರುವ ಪರದೆ ಅದರ ನಡುವೆಯೇ ಬೀಳುತ್ತದೆ. ಅಂಗಡಿಗೆ ಹೋಗುವಾಗ ಟೇಪಿನಲ್ಲಿ ಅಳೆದ ಆ ದೂರವನ್ನು ಬರೆದುಕೊಂಡು ಹೋಗಿ. ಅದಿಲ್ಲದೆ ‘ಕಂಪ್ಯೂಟರ್ ಗ್ಲಾಸ್ ಕೊಡಿ’ ಎಂದರೆ ಸಿಗುವುದು ನೀಲಿ ಕೋಟಿಂಗಿನ ಸಾದಾ ಗ್ಲಾಸು.